ಸದ್ದಿನ ಹೋಲಿಕೆ ನಂಟಿಗೆ ಸಾಕ್ಷಿಯೇ?

ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೂ ಕಪಿಲೆಯೂ ಒಂದಾಗುತ್ತವೆ. ಊರ ಹೆಸರಿನೊಳಗಿರುವ ‘ಕೂಡಲು’ ಎಂಬ ಮಾತು ಈ ಸಂಗಮವನ್ನೇ ಸೂಚಿಸುವುದು. ಘಟ್ಟದ ಕೆಳಗೆ, ನೇತ್ರಾವತಿಯೂ ಫಲ್ಗುಣಿಯೂ ಕಡಲನ್ನು ಸೇರುವ ಎಡೆಯಲ್ಲಿ ಮಂಗಳೂರು ಇದೆ. ತುಳುವರು ಆ ಊರನ್ನು ‘ಕುಡ್ಲ’ ಎಂದು ಕರೆಯುತ್ತಾರೆ. ಆ ಹೆಸರಿಗೂ ನದಿಗಳು ಕೂಡುವ ಸ್ಥಳ ಎಂಬ ಅರ್ಥವನ್ನೇ ಸಾಮಾನ್ಯವಾಗಿ ಹೇಳುವರು. ಹೀಗೆ ಎರಡು ದೂರದ ಊರುಗಳು ಒಂದೇ ಮಾತನ್ನು ತಮ್ಮ ಹೆಸರಿನಲ್ಲಿ ಹೊತ್ತು ನಿಂತಿವೆ. ಅದೇ ಮಂಗಳೂರನ್ನು ಕೊಂಕಣಿಗರು ‘ಕೊಡಿಯಾಲ’ ಎನ್ನುತ್ತಾರೆ. ಕುಡ್ಲ, ಕೊಡಿಯಾಲ, ಕೂಡಲು ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಮೂರೂ ಒಂದೇ ಎಂದು ತೀರ್ಮಾನಿಸಿಬಿಡುವ ಆಸೆ ಯಾರಿಗಾದರೂ ಹುಟ್ಟೀತು. ಈ ಲೇಖನವು ಆ ಆಸೆಗೆ ವಿರುದ್ಧವಾಗಿ ಬರೆದುದು.

ಈ ಆಸೆ ನಮ್ಮ ಸೀಮೆಯಲ್ಲಿ ಹುಟ್ಟಲು ಅವಕಾಶ ಬೇಕಾದಷ್ಟಿದೆ. ಕರಾವಳಿಯಿಂದ ಬಂದು ಹೋಟೆಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿಯುವವರು ಮೈಸೂರು ಪ್ರಾಂತದಲ್ಲಿ ಬಹುಕಾಲದಿಂದ ಇದ್ದಾರೆ. ಒಮ್ಮೆ ನಂಜನಗೂಡಿನಲ್ಲಿ ಒಂದು ಹೋಟೆಲಿನ ಯಜಮಾನರು ತಮ್ಮ ಊರಿನ ನೆಂಟರನ್ನು ಕಂಡು, “ಬಲೆ ಬಲೆ, ಕುಳ್ಳುಲೆ” ಎಂದು ಆದರದಿಂದ ಕರೆದರು. ಪಕ್ಕದ ಮೇಜಿನಲ್ಲಿದ್ದ ಇಬ್ಬರು ಕಾಲೇಜು ವಿದ್ಯಾರ್ಥಿಗಳು ನಕ್ಕರು. ಬಲೆ ಎಂದರೆ ಮೀನಿನ ಬಲೆ, ಕುಳ್ಳ ಎಂದರೆ ಗಿಡ್ಡ ಎಂದು ಅವರ ಕಿವಿಗೆ ಕೇಳಿಸಿತ್ತು. ಯಜಮಾನರು ಹೇಳಿದ್ದು “ಬನ್ನಿ ಬನ್ನಿ, ಕುಳಿತುಕೊಳ್ಳಿ” ಎಂದು. ನಗುವೇನೋ ಕ್ಷಮ್ಯವೇ. ಆದರೆ ಅವರಲ್ಲೊಬ್ಬನು ಅನಂತರ ಆಡಿದ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು: “ತುಳು ಅಂದರೆ ಕೆಟ್ಟುಹೋದ ಕನ್ನಡ, ಕೊಂಕಣಿ ಅಂದರೆ ಎಲ್ಲದರ ಕಲಬೆರಕೆ.” ಓದಿದವರ ಬಾಯಲ್ಲಿಯೂ ಈ ಮಾತನ್ನು ನಾನು ಕೇಳಿದ್ದೇನೆ. ಇದಕ್ಕೆ ಆಧಾರವೇನೆಂದು ಕೇಳಿದರೆ ಅವರು ಕೊಡುವುದು ಒಂದು ಶಬ್ದಗಳ ಪಟ್ಟಿಯನ್ನು. ಮೂರು ಭಾಷೆಗಳಲ್ಲಿಯೂ ಒಂದೇ ಬಗೆಯಾಗಿ ಕೇಳಿಸುವ ಮಾತುಗಳು ಇಷ್ಟಿವೆ ಎಂಬುದೇ ಅವರ ವಾದ.

ನನ್ನ ಮತದಲ್ಲಿ ಈ ವಾದವು ಬುಡಮೇಲಾದುದು. ಭಾಷೆಗಳ ನಂಟನ್ನು ಹೋಲುವ ಶಬ್ದಗಳ ಎಣಿಕೆಯಿಂದ ಅಳೆಯಲಾಗದು. ಕ್ರಮಬದ್ಧವಾದ ವ್ಯತ್ಯಾಸವೇ ಅದರ ಅಳತೆಗೋಲು. ಒಂದೇ ತೆರನಾಗಿ ಕೇಳಿಸುವ ಮಾತು ಅನೇಕವೇಳೆ ಸುಳ್ಳು ಸಾಕ್ಷಿ ನುಡಿಯುತ್ತದೆ. ಬೇರೆಯಾಗಿ ಕೇಳಿಸುವ ಮಾತೇ ಎಷ್ಟೋ ಸಲ ನಿಜವಾದ ರಕ್ತಸಂಬಂಧವನ್ನು ತೋರಿಸುತ್ತದೆ. ಇದನ್ನು ಎರಡು ಮಾತುಗಳಿಂದ ಪರೀಕ್ಷಿಸಿ ನೋಡೋಣ. ತುಳುವಿನಲ್ಲಿ ಹಾಲಿಗೆ ‘ಪೇರ್’ ಎಂದು ಹೆಸರು. ಕೊಂಕಣಿಯಲ್ಲಿ ‘ನಾನು’ ಎಂಬುದಕ್ಕೆ ‘ಹಾಂವ್’ ಎನ್ನುವರು. ಕಿವಿಯನ್ನು ನಂಬಿದರೆ ಪೇರಿಗೂ ಹಾಲಿಗೂ ಯಾವ ಸಂಬಂಧವೂ ಇಲ್ಲ. ಹಾಂವ್ ಎಂಬುದು ನಮ್ಮ ಹಾವಿನ ಒಡಹುಟ್ಟು. ಸತ್ಯವು ಇದಕ್ಕೆ ತೀರ ವಿರುದ್ಧವಾಗಿದೆ.

ಮೊದಲು ಹಾಲನ್ನು ತೆಗೆದುಕೊಳ್ಳೋಣ. ಕನ್ನಡದ ಹುಲಿ ತುಳುವಿನಲ್ಲಿ ಪಿಲಿ. ಹಂದಿ ಅಲ್ಲಿ ಪಂಜಿ, ಹತ್ತು ಪತ್ತ್, ಹೂವು ಪೂ, ಹೊಸ ಎಂಬುದು ಪೊಸ, ಹೆಸರು ಪುದರ್. ಕನ್ನಡದಲ್ಲಿ ಮೊದಲು ಹಕಾರವಿದ್ದಲ್ಲಿ ತುಳುವಿನಲ್ಲಿ ಪಕಾರ ಬರುವುದು ಒಂದೆರಡು ಮಾತಿನ ಆಕಸ್ಮಿಕವಲ್ಲ. ಅದು ಸಾಲುಸಾಲಾಗಿ ಬರುತ್ತದೆ. ಇನ್ನೊಂದು ಸಾಲನ್ನು ನೋಡಿ. ನಮ್ಮ ತಲೆ ಅಲ್ಲಿ ತರೆ, ಎಲೆ ಅಲ್ಲಿ ಇರೆ, ಕಾಲು ಅಲ್ಲಿ ಕಾರ್. ನಮ್ಮ ಲಕಾರದ ಸ್ಥಾನದಲ್ಲಿ ಅಲ್ಲಿ ರೇಫ ನಿಂತಿದೆ. ಈಗ ಹಾಲನ್ನು ಈ ಎರಡು ಸಾಲುಗಳ ನಡುವೆ ಇರಿಸಿ. ಹಕಾರಕ್ಕೆ ಪಕಾರ, ಲಕಾರಕ್ಕೆ ರೇಫ. ನಡುವಣ ಸ್ವರವೊಂದು ಮಾತ್ರ ತನ್ನದೇ ದಾರಿ ಹಿಡಿದಿದೆ. ಹಾಲು ಮತ್ತು ಪೇರ್ ಎರಡೂ ಒಂದೇ ಮೂಲದಿಂದ ಬಂದ ಮಾತುಗಳು. ನಂಜನಗೂಡಿನ ರಸಬಾಳೆಯನ್ನು ಕೈಯಲ್ಲಿ ಹಿಡಿದ ತುಳುವನು ಅದನ್ನು ‘ಬಾರೆ’ ಎಂದರೆ, ಅವನು ಬಾಳೆ ಎಂಬ ಮಾತನ್ನು ಕೆಡಿಸಿದನೆಂದು ತಿಳಿಯಬಾರದು. ಅವನ ಮನೆಯಲ್ಲಿ ಆ ಮಾತು ಬೆಳೆದ ಬಗೆಯೇ ಅದು.

ಹಾಗಾದರೆ ಪಕಾರ ಹಳೆಯದೋ, ಹಕಾರ ಹಳೆಯದೋ? ಇದಕ್ಕೆ ಉತ್ತರ ಹುಡುಕಲು ನರಸೀಪುರದ ವಿದ್ಯಾರ್ಥಿ ಘಟ್ಟ ಇಳಿಯಬೇಕಾಗಿಲ್ಲ. ಅವನ ತಾಲ್ಲೂಕಿನಲ್ಲಿಯೇ ಗಂಗರ ರಾಜಧಾನಿಯಾಗಿದ್ದ ತಲಕಾಡು ಇದೆ. ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಸೇರಿವೆ. ಗಂಗ ಅರಸರು ತಮ್ಮನ್ನು ‘ಪೆರ್ಮಾನಡಿ’ ಎಂದು ಕರೆದುಕೊಂಡರು, ‘ಹೆರ್ಮಾನಡಿ’ ಎಂದಲ್ಲ. ಆ ಕಾಲದ ಕನ್ನಡದಲ್ಲಿ ಹಾಲು ಪಾಲ್ ಆಗಿತ್ತು, ಹುಲಿ ಪುಲಿಯಾಗಿತ್ತು, ಹಂದಿ ಪಂದಿಯಾಗಿತ್ತು, ಹೆಸರು ಪೆಸರ್ ಆಗಿತ್ತು. ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ಕನ್ನಡದ ಪದಾದಿಯ ಪಕಾರವು ಹಕಾರವಾಗತೊಡಗಿ, ಕೆಲವು ಶತಮಾನಗಳಲ್ಲಿ ಬಹುಮಟ್ಟಿಗೆ ಎಲ್ಲೆಡೆಯೂ ಬದಲಾಯಿತು. ತುಳು ಆ ದಾರಿಯಲ್ಲಿ ಬರಲಿಲ್ಲ. ಹೋಟೆಲಿನ ಹುಡುಗನ ‘ಪಿಲಿ’, ‘ಪತ್ತ್’ಗಳನ್ನು ಕೇಳಿ ನಗುವವನು, ತಲಕಾಡಿನ ತನ್ನ ಪೂರ್ವಿಕರ ನಾಲಗೆಯನ್ನೇ ಕೇಳಿ ನಗುತ್ತಿದ್ದಾನೆ.

ಈ ಕಥೆಗೆ ಇನ್ನೊಂದು ಮೆಟ್ಟಿಲಿದೆ. ಅದು ನಮ್ಮ ಹಳ್ಳಿಗಳಲ್ಲಿಯೇ ಸಿಗುತ್ತದೆ. ನಂಜನಗೂಡು, ನರಸೀಪುರಗಳ ಗದ್ದೆಬಯಲಿನಲ್ಲಿ ಜನರು ಹಾಲನ್ನು ‘ಆಲು’ ಎನ್ನುವರು, ಹೋಗುತ್ತೇನೆ ಎಂಬುದನ್ನು ‘ಓಯ್ತೀನಿ’ ಎನ್ನುವರು. ಶಾಲೆಯಲ್ಲಿ ಇದನ್ನು ತಪ್ಪೆಂದು ತಿದ್ದುತ್ತಾರೆ. ಬರವಣಿಗೆಯಲ್ಲಿ ತಿದ್ದುವುದು ಸರಿಯೇ. ಆದರೆ ವಿಜ್ಞಾನದ ದೃಷ್ಟಿಯಲ್ಲಿ ಪಾಲ್, ಹಾಲು, ಆಲು ಎಂಬುವು ಒಂದೇ ಇಳಿಜಾರಿನ ಮೂರು ಮೆಟ್ಟಿಲುಗಳು: ಮೊದಲು ತುಟಿಗಳು ಪೂರ್ತಿ ಮುಚ್ಚಿದುವು, ಆಮೇಲೆ ಬರಿಯ ಉಸಿರು ಉಳಿಯಿತು, ಕೊನೆಗೆ ಆ ಉಸಿರೂ ಹೋಯಿತು. ಮೊದಲನೆಯದು ಶಾಸನದಲ್ಲಿದೆ, ಎರಡನೆಯದು ಪಠ್ಯಪುಸ್ತಕದಲ್ಲಿದೆ, ಮೂರನೆಯದು ಹೊಲದಲ್ಲಿದೆ. ಒಂದೇ ತಾಲ್ಲೂಕಿನಲ್ಲಿ ಮೂರೂ ದೊರೆಯುವುದು ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಭಾಗ್ಯವೇ ಸರಿ.

ತುಳು ಹಳೆಯ ಧ್ವನಿಯನ್ನು ಉಳಿಸಿಕೊಂಡಿದೆ ಎಂದ ಮಾತ್ರಕ್ಕೆ ಅದು ಹಳಗನ್ನಡದ ಮಗಳೆಂದು ಕೆಲವರು ವಾದಿಸಬಹುದು. ಇನ್ನೊಂದು ಉದಾಹರಣೆಯಿಂದ ಆ ಸಂದೇಹವನ್ನು ಪರೀಕ್ಷಿಸೋಣ. ಇಂದಿನ ಕನ್ನಡದಲ್ಲಿ ಮೂರು, ಆರು, ನೀರು ಎಂಬ ಮೂರು ಮಾತುಗಳೂ ಒಂದೇ ‘ರು’ವಿನಿಂದ ಮುಗಿಯುತ್ತವೆ. ತುಳುವಿನಲ್ಲಿ ಇವು ಮೂಜಿ, ಆಜಿ, ನೀರ್ ಎಂದಾಗುತ್ತವೆ. ಮೊದಲೆರಡರಲ್ಲಿ ‘ಜಿ’ ಬಂದು, ಮೂರನೆಯದರಲ್ಲಿ ‘ರ್’ ಏಕೆ ಉಳಿಯಿತು? ಹಳಗನ್ನಡದ ಬರೆಹವನ್ನು ನೋಡಿದರೆ ಕಾರಣ ಹೊಳೆಯುತ್ತದೆ. ಅಲ್ಲಿ ಮೂಱು, ಆಱು ಎಂಬುವನ್ನು ಶಕಟರೇಫ ಎಂಬ ಬೇರೊಂದು ಅಕ್ಷರದಿಂದ ಬರೆಯುತ್ತಿದ್ದರು. ನೀರ್ ಎಂಬುದನ್ನು ಸಾಧಾರಣ ರೇಫದಿಂದ ಬರೆಯುತ್ತಿದ್ದರು. ಮುಂದೆ ಕನ್ನಡದಲ್ಲಿ ಎರಡೂ ಬೆರೆತು ಒಂದಾದುವು. ತುಳು ಆ ಭೇದವನ್ನು ಬೇರೆ ವೇಷದಲ್ಲಿ ಇಂದಿಗೂ ಕಾಪಾಡಿಕೊಂಡಿದೆ. ಒಮ್ಮೆ ಬೆರೆತುಹೋದ ಬಣ್ಣಗಳನ್ನು ಯಾರೂ ಮತ್ತೆ ಬಿಡಿಸಲಾರರು. ಆದುದರಿಂದ ಇಂದಿನ ಕನ್ನಡ ಕೆಟ್ಟು ತುಳು ಆಯಿತೆಂಬ ಮಾತು ನಿಲ್ಲುವುದಿಲ್ಲ. ಹಳಗನ್ನಡದ ಪಕ್ಕದಲ್ಲಿ ಇಟ್ಟು ನೋಡಿದರೂ, ಸರ್ವನಾಮ, ಕ್ರಿಯಾಪದಗಳ ರಚನೆಯಲ್ಲಿ ತುಳು ತನ್ನದೇ ಆದ ಹಾದಿ ಹಿಡಿದುದು ಕಾಣುತ್ತದೆ. ‘ಇಲ್ಲ’ ಎನ್ನಲು ಅದು ‘ಇಜ್ಜಿ’ ಎನ್ನುವುದು. ಅದರ ‘ಇಲ್ಲ್’ ಎಂದರೆ ಮನೆ. “ಎಂಕ್ ಇಲ್ಲ್ ಉಂಡು” ಎಂದ ತುಳುವನಿಗೆ ಮನೆಯಿದೆ. ಕನ್ನಡದ ಕಿವಿಗೆ ಮಾತ್ರ ಏನೋ ಇಲ್ಲವೆಂದು ಕೇಳಿಸೀತು. ತುಳುವನ್ನು ಕನ್ನಡದ ಮಗಳೆನ್ನುವುದಕ್ಕಿಂತ, ಬಹು ಹಿಂದೆಯೇ ಬೇರೆ ಮನೆ ಹೂಡಿದ ಸೋದರಿ ಎನ್ನುವುದೇ ಸರಿಯಾದೀತು.

ಈಗ ಕೊಂಕಣಿಯ ‘ಹಾಂವ್’ಗೆ ಬರೋಣ. “ಹಾಂವ್ ಯೆತಾಂ” ಎಂದರೆ “ನಾನು ಬರುತ್ತೇನೆ” ಎಂದರ್ಥ. ನಮ್ಮವರು ಇದನ್ನು ಕೇಳಿ ಹಾವು ಬರುತ್ತಿದೆಯೆಂದು ಪರಿಹಾಸ್ಯ ಮಾಡುವುದುಂಟು. ಎರಡು ಮಾತುಗಳನ್ನೂ ಒಂದೊಂದು ಮೆಟ್ಟಿಲು ಹಿಂದಕ್ಕೆ ನಡೆಸಿ ನೋಡಿ. ಕನ್ನಡದ ಹಾವು ಹಳಗನ್ನಡದಲ್ಲಿ ‘ಪಾವು’. ತೆಲುಗಿನಲ್ಲಿ ‘ಪಾಮು’, ತಮಿಳಿನಲ್ಲಿ ‘ಪಾಂಬು’. ಕೊಂಕಣಿಯ ಹಾಂವ್ ಹಿಂದಕ್ಕೆ ಹೋದರೆ ಪ್ರಾಕೃತದ ಮೂಲಕ ಸಂಸ್ಕೃತದ ‘ಅಹಂ’ ಎಂಬುದರ ಬಳಗವನ್ನು ಮುಟ್ಟುತ್ತದೆ; ಗುಜರಾತಿಯ ‘ಹುಂ’ ಅದರ ಒಡಹುಟ್ಟು. ನಮ್ಮ ಹಕಾರ ಪಕಾರದಿಂದ ಬಂದುದು, ಅವರ ಹಕಾರ ಮೊದಲಿನಿಂದಲೂ ಹಕಾರವೇ. ಹಿಂದಕ್ಕೆ ಹೋದಷ್ಟೂ ಎರಡು ಮಾತುಗಳು ದೂರದೂರ ಸರಿಯುತ್ತವೆ. ಇದೇ ನಾನು ಹೇಳಬಯಸಿದ ಪರೀಕ್ಷೆ. ನಿಜವಾದ ನೆಂಟರು ಹಿಂದಕ್ಕೆ ಹೋದಷ್ಟೂ ಹತ್ತಿರವಾಗುತ್ತಾರೆ. ಸುಳ್ಳು ನೆಂಟರು ಹಿಂದಕ್ಕೆ ಹೋದಷ್ಟೂ ಅಗಲುತ್ತಾರೆ.

ಕೊಂಕಣಿಯು ಆರ್ಯಭಾಷೆಗಳ ಬಳಗಕ್ಕೆ ಸೇರಿದುದೆಂಬುದು ಅದರ ಎಣಿಕೆಯಿಂದಲೇ ತಿಳಿಯುವುದು: ಏಕ್, ದೋನ್, ತೀನ್, ಚಾರ್, ಪಾಂಚ್. ತುಳುವಿನ ಒಂಜಿ, ರಡ್ಡ್, ಮೂಜಿ, ನಾಲ್, ಐನ್ ಎಂಬುವು ನಮ್ಮ ಒಂದು, ಎರಡುಗಳ ಪಕ್ಕದಲ್ಲಿ ನಿಲ್ಲುವಂತೆ ಅವು ನಿಲ್ಲವು. ಕೊಂಕಣಿಯ ಒಳಗೂ ಅದರದೇ ಕ್ರಮವಿದೆ. ಸಂಸ್ಕೃತದ ಸಪ್ತ ಅಲ್ಲಿ ಸಾತ್ ಆಯಿತು, ಹಸ್ತ ಹಾತ್ ಆಯಿತು: ಒತ್ತಕ್ಷರ ಕರಗಿ ಹಿಂದಿನ ಸ್ವರ ದೀರ್ಘವಾಯಿತು. ಹಾಗೆಯೇ ಬೇಯಿಸಿದ ಅಕ್ಕಿಯನ್ನು ಹೇಳುವ ‘ಸಿಕ್ಥ’ ಎಂಬ ಸಂಸ್ಕೃತ ಶಬ್ದವು ಕೊಂಕಣಿಯಲ್ಲಿ ‘ಶೀತ್’ ಆಗಿದೆ. ನಮ್ಮ ‘ಶೀತ’ವಾದರೋ ಚಳಿ, ನೆಗಡಿ. ಕೊಂಕಣಿಗರ ಮನೆಯಲ್ಲಿ ಊಟಕ್ಕೆ ಕುಳಿತವನಿಗೆ “ಶೀತ್ ಜಾಯ್?” ಎಂದು ಕೇಳಿದರೆ, ಅನ್ನ ಬೇಕೇ ಎಂದು ಉಪಚರಿಸುತ್ತಿದ್ದಾರೆಯೇ ಹೊರತು ನೆಗಡಿಯನ್ನು ಬಡಿಸಲು ಬಂದಿಲ್ಲ.

ಆದರೆ ಎಲ್ಲ ಭಿನ್ನಾರ್ಥವೂ ಆಕಸ್ಮಿಕ ಹೋಲಿಕೆಯ ಫಲವಲ್ಲ. ನರಸೀಪುರದ ನಾಲೆಯ ಕೆಳಗೆ ಬೆಳೆಯುವ ಭತ್ತವನ್ನು ನೋಡಿ. ಭತ್ತ ಎಂಬ ಮಾತು ಸಂಸ್ಕೃತದ ‘ಭಕ್ತ’ ಎಂಬುದರಿಂದ ಬಂದುದು. ಅಲ್ಲಿ ಆ ಶಬ್ದಕ್ಕೆ ಅನ್ನ ಎಂಬ ಅರ್ಥವೂ ಇದೆ. ಅದೇ ಶಬ್ದ ಕೊಂಕಣಿಯಲ್ಲಿ ‘ಭಾತ್’ ಆಗಿ, ನಮ್ಮಲ್ಲಿಯಂತೆಯೇ ಹೊಟ್ಟು ಬಿಡಿಸದ ಧಾನ್ಯವನ್ನು ಹೇಳುತ್ತದೆ. ಇತ್ತ ಮೈಸೂರಿನ ಹೋಟೆಲಿನಲ್ಲಿ ವಾಂಗೀಬಾತ್, ಬಿಸಿಬೇಳೆಬಾತ್ ಎಂದಾಗ, ಮರಾಠಿಯ ಕಡೆಯಿಂದ ಬಂದ ಅದೇ ಮಾತು ಬೇಯಿಸಿದ ಅನ್ನವನ್ನು ಹೇಳುತ್ತದೆ. ಹೀಗೆ ಕನ್ನಡಿಗನೊಬ್ಬನು ಒಂದೇ ಶಬ್ದವನ್ನು ಗದ್ದೆಯಲ್ಲಿ ಒಂದು ರೂಪದಲ್ಲಿಯೂ ತಟ್ಟೆಯಲ್ಲಿ ಇನ್ನೊಂದು ರೂಪದಲ್ಲಿಯೂ ಬಳಸುತ್ತಾನೆ. ಇಲ್ಲಿ ನಂಟು ನಿಜ, ಅರ್ಥ ಮಾತ್ರ ಕವಲೊಡೆದಿದೆ. ಹಾಂವ್ ಮತ್ತು ಹಾವುಗಳದು ಬೇರೆ ಸಂಗತಿ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡುವವನು ಹಾಲನ್ನೂ ಸುಣ್ಣದ ನೀರನ್ನೂ ಒಂದೇ ಬಣ್ಣವೆಂದು ಒಂದೇ ಪಾತ್ರೆಗೆ ಸುರಿದಂತೆ.

ಬಂಧುವಾಚಕಗಳ ವಿಷಯದಲ್ಲಿಯೂ ಎಚ್ಚರ ಬೇಕು. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಕನ್ನಡಿಗನಿಗೆ ಇದು ತಲೆಕೆಳಗಾಗಿ ಕಾಣುವುದು. ಆದರೆ ಜಾರ್ಜಿಯಾ ದೇಶದ ಭಾಷೆಯಲ್ಲಿಯೂ ‘ಮಾಮಾ’ ಎಂದರೆ ತಂದೆ! ಎಳೆಯ ಮಗುವಿನ ತುಟಿಗೆ ಸುಲಭವಾದ ಮಕಾರ ಪಕಾರಗಳನ್ನು ಲೋಕದ ಭಾಷೆಗಳು ತಂದೆತಾಯಿಗಳಿಗೆ ಹಂಚಿಕೊಟ್ಟಿವೆ; ಹಂಚಿಕೆ ಎಲ್ಲೆಡೆಯೂ ಒಂದೇ ಬಗೆಯಾಗಿಲ್ಲ. ರೋಮಾನ್ ಯಾಕಬ್ಸನ್ ಎಂಬ ಭಾಷಾವಿಜ್ಞಾನಿ 1960ರಲ್ಲಿ ಇದರ ಬಗೆಗೆ ಒಂದು ಪ್ರಸಿದ್ಧ ಪ್ರಬಂಧವನ್ನೇ ಪ್ರಕಟಿಸಿದರು. ಇಂಥ ಮಾತುಗಳು ಎಲ್ಲ ಭಾಷೆಗಳಲ್ಲಿಯೂ ಹೋಲುವುದರಿಂದಲೇ ನಂಟಿನ ಸಾಕ್ಷಿಗೆ ಅವು ಬಾರವು.

ಇದೆಲ್ಲ ಪಂಡಿತರ ವಿನೋದ, ನಮಗೇನಾಗಬೇಕು ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ಮಾತನ್ನು ತೋರಿಸಬಯಸುತ್ತೇನೆ. ತುಳುವಿನಲ್ಲಿ ‘ಬಂಜಿ’ ಎಂದರೆ ಹೊಟ್ಟೆ. ಬಸಿರು ಎಂಬ ಅರ್ಥವೂ ಅದಕ್ಕುಂಟು, ಗರ್ಭಿಣಿಯನ್ನು ‘ಬಂಜಿನಾಳ್’ ಎನ್ನುವರು. ಕನ್ನಡದ ‘ಬಂಜೆ’ ಸಂಸ್ಕೃತದ ‘ವಂಧ್ಯಾ’ ಎಂಬುದರಿಂದ ಬಂದುದು. ಮಕ್ಕಳಾಗದವಳು ಎಂದು ಅದರರ್ಥ. ಸದ್ದು ಬಹುಮಟ್ಟಿಗೆ ಒಂದೇ, ಅರ್ಥ ನೇರವಾಗಿ ಎದುರುಬದುರು. ಘಟ್ಟದ ಕೆಳಗಿನಿಂದ ಹೊಸದಾಗಿ ಬಂದ ಹೆಂಗಸೊಬ್ಬಳು ವೈದ್ಯರ ಮುಂದೆ “ಬಂಜಿ ಬೇನೆ” ಎಂದು ಹೇಳಿದರೆ, ‘ಬೇನೆ’ ಎಂಬ ಮಾತು ಇಬ್ಬರಿಗೂ ಒಂದೇ ಆದುದರಿಂದ, ಕೇಳಿದವರಿಗೆ ಪೂರ್ತಿ ಅರ್ಥವಾಯಿತೆಂಬ ಭ್ರಮೆ ಹುಟ್ಟುವುದು. ಏನೂ ಅರ್ಥವಾಗದಿದ್ದರೆ ಮನುಷ್ಯನು ಮತ್ತೊಮ್ಮೆ ಕೇಳುತ್ತಾನೆ. ಅರ್ಧ ಅರ್ಥವಾದಾಗ ಕೇಳುವುದಿಲ್ಲ. ಹೋಲಿಕೆಯ ಅಪಾಯವಿರುವುದು ಇಲ್ಲಿಯೇ.

ನಾನು ಹೇಳಿದ ಪರೀಕ್ಷೆಗೂ ಮಿತಿಗಳಿವೆ. ಎಲ್ಲ ಹಕಾರಗಳಿಗೂ ತುಳುವಿನಲ್ಲಿ ಪಕಾರದ ಜೋಡಿ ಸಿಗದು. ನಮ್ಮ ಹಾವಿಗೆ ಅಲ್ಲಿ ‘ಉಚ್ಚು’ ಎಂಬ ಬೇರೆಯೇ ಮಾತಿದೆ. ಎಲ್ಲ ಲಕಾರವೂ ರೇಫವಾಗದು. ಹುಲಿ ಪಿಲಿಯಾಯಿತೇ ಹೊರತು ಪಿರಿಯಾಗಲಿಲ್ಲ. ತುಳುವಿನೊಳಗೂ ಊರಿಗೊಂದು, ಸಮುದಾಯಕ್ಕೊಂದು ಉಚ್ಚಾರವಿದೆ. ನಮ್ಮ ಸೊಪ್ಪನ್ನು ಕೆಲವರು ‘ಸಪ್ಪು’ ಎಂದರೆ ಕೆಲವರು ‘ತಪ್ಪು’ ಎನ್ನುವರು, ಅದನ್ನು ನಮ್ಮ ತಪ್ಪಿನೊಡನೆ ಗಂಟುಹಾಕುವುದೇ ತಪ್ಪಾಗುತ್ತದೆ. ಎರವಲು ಮಾತುಗಳ ತೊಡಕು ಬೇರೆ. ‘ಅಂಗಡಿ’, ‘ದುಡ್ಡು’ ಎಂಬುವು ಮೂರು ಭಾಷೆಗಳಲ್ಲಿಯೂ ಹೆಚ್ಚು ವ್ಯತ್ಯಾಸವಿಲ್ಲದೆ ಓಡಾಡುತ್ತವೆ. ಪೋರ್ಚುಗೀಸರಿಂದ ಬಂದ ‘ಮೇಜು’ ಕೂಡ ಹಾಗೆಯೇ. ಇವು ಒಡಹುಟ್ಟಿದ ಸಾಕ್ಷಿಯಲ್ಲ, ಒಂದೇ ಸಂತೆಯಲ್ಲಿ ಕೊಟ್ಟುಕೊಂಡ ಸಾಕ್ಷಿ. ನೆರೆಹೊರೆಯ ಕಥೆಯನ್ನು ಅವು ಚೆನ್ನಾಗಿ ಹೇಳುತ್ತವೆ. ಕುಲದ ಕಥೆಯನ್ನು ಅವುಗಳಿಂದ ಹೇಳಿಸಬಾರದು. ಆದುದರಿಂದ ಒಂದು ಜೋಡಿಯನ್ನು ನಂಬದೆ ಒಂದು ಸಾಲನ್ನು ನಂಬುವುದು, ಅಂಗಡಿಯ ಮಾತಿಗಿಂತ ಎಣಿಕೆ, ಮೈಯ ಅಂಗ, ಸರ್ವನಾಮಗಳನ್ನು ಮೊದಲು ಕೇಳುವುದು ಒಳ್ಳೆಯದು.

ಸಮಾನ ಶಬ್ದಗಳ ಪಟ್ಟಿಯು ಜನರಲ್ಲಿ ಐಕ್ಯವನ್ನು ಬೆಳೆಸುವುದಲ್ಲವೇ, ಅದನ್ನೇಕೆ ಹಳಿಯಬೇಕು ಎಂದು ಕೇಳಬಹುದು. ಐಕ್ಯಕ್ಕೆ ನಾನು ವಿರೋಧಿಯಲ್ಲ. ಆದರೆ ಪಕ್ಕದ ಮನೆಯವನನ್ನು ನಮ್ಮ ಮನೆಯ ಕೆಟ್ಟ ನಕಲೆಂದು ಕರೆದು ಸಾಧಿಸುವ ಐಕ್ಯ ಅವನಿಗೆ ಅವಮಾನವೆನಿಸುತ್ತದೆ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ಪಡೆಯಿತು. ತುಳುವಿಗೆ ಆ ಸ್ಥಾನ ಬೇಕೆಂಬ ಬೇಡಿಕೆ ಬಹುಕಾಲದಿಂದ ಇದೆ. ಅಂಥ ವಿಷಯಗಳ ಚರ್ಚೆಯಲ್ಲಿ ಪರ ವಿರೋಧ ಏನೇ ಇರಲಿ, “ಅದು ನಮ್ಮದರ ಕೆಟ್ಟ ರೂಪ” ಎಂಬ ವಾದಕ್ಕೆ ಮಾತ್ರ ಎಡೆಯಿಲ್ಲ. ತಲಕಾಡಿನ ಕಲ್ಲುಗಳೇ ಅದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತವೆ.

ನಂಜನಗೂಡಿನಲ್ಲಿಯೋ ನರಸೀಪುರದಲ್ಲಿಯೋ ಓದುವ ವಿದ್ಯಾರ್ಥಿಗೆ ಇದನ್ನು ಪರೀಕ್ಷಿಸಲು ಬೇಕಾದುದು ಒಂದು ನೋಟುಪುಸ್ತಕ. ಅದರಲ್ಲಿ ನಾಲ್ಕು ಗೆರೆ ಎಳೆಯಲಿ. ಒಂದರಲ್ಲಿ ತನ್ನ ಅಜ್ಜಿಯ ಬಾಯಿಯ ಮಾತು, ಇನ್ನೊಂದರಲ್ಲಿ ಪುಸ್ತಕದ ಮಾತು, ಮೂರನೆಯದರಲ್ಲಿ ಹಳಗನ್ನಡದ ಮಾತು, ನಾಲ್ಕನೆಯದರಲ್ಲಿ ತುಳು ಅಥವಾ ಕೊಂಕಣಿಯ ಗೆಳೆಯನು ಹೇಳಿದ ಮಾತನ್ನು ಬರೆಯಲಿ. ಮೊದಲು ಹತ್ತು ಎಣಿಕೆ, ಆಮೇಲೆ ಮೈಯ ಹತ್ತು ಅಂಗಗಳು ಸಾಕು. ಒಂದೇ ಬಗೆಯಾಗಿ ಕೇಳಿಸುವ ಮಾತುಗಳ ಕೆಳಗೆ ಆತುರಪಟ್ಟು ಗೆರೆ ಎಳೆಯದೆ, ಸಾಲಾಗಿ ಬೇರೆಯಾಗಿರುವುವನ್ನು ಹುಡುಕಲಿ. ಮತ್ತೊಮ್ಮೆ ಹೋಟೆಲಿನಲ್ಲಿ “ಬಲೆ, ಕುಳ್ಳುಲೆ” ಎಂಬುದನ್ನು ಕೇಳಿದಾಗ ಅವನು ನಗಲಾರನು. ಹಳಗನ್ನಡದ ಕಾವ್ಯಗಳಲ್ಲಿ ತಾನು ಓದಿದ ‘ಕುಳ್ಳಿರ್’ ಎಂಬ ಮಾತೇ ಅದೆಂದು ನೆನಪಾಗಿ, ಅವನೂ ಕುಳಿತುಕೊಳ್ಳುವನು.